ಲಕ್ವಾ ಹೊಡೆದವರಿಗೆ ತುತ್ತು ಕೊಡೋ ಮುಂಚೆ

ಲಕ್ವಾ ಹೊಡೆದು ಆಸ್ಪತ್ರೇಲಿರೋ ಅಜ್ಜನಿಗೆ ಮಂಡಕ್ಕಿ ಕೊಡಬಹುದಾ?

ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಇರಲಿ,
ಹರಿಹರದ ತಾಲ್ಲೂಕು ಆಸ್ಪತ್ರೆ ಇರಲಿ,
ಮೊದಲು ನರ್ಸನ್ನ ಕೇಳಿ:
"ನುಂಗೋದು ಪರೀಕ್ಷೆ ಮಾಡಿದ್ದೀರಾ?"
ಅಲ್ಲಿವರೆಗೂ ನೀರೂ ಬೇಡ.

ಯಾಕೆ?
ನಮ್ಮ ಗಂಟಲು, ರೈಲು ಹಳಿ ಬದಲಿಸೋ ಪಾಯಿಂಟ್ ಇದ್ದ ಹಾಗೆ.
ಅನ್ನ ಒಂದು ದಾರಿ, ಉಸಿರು ಇನ್ನೊಂದು ದಾರಿ.
ಲಕ್ವಾದಲ್ಲಿ ಈ ಪಾಯಿಂಟ್ ನಿಧಾನ ಆಗಬಹುದು.
ಆಗ ತೆಳು ನೀರು ಸರ್‍ರಂತ ಶ್ವಾಸಕೋಶಕ್ಕೆ ಇಳಿಯಬಹುದು.
ನ್ಯುಮೋನಿಯಾ ಬರಬಹುದು.

ಮಂಡಕ್ಕಿ ಒಣಗಿರುತ್ತೆ, ಚೂರಾಗಿ ಗಂಟಲಲ್ಲಿ ಚದುರುತ್ತೆ.
ಸಾರನ್ನವೂ ಕಷ್ಟ:
ಅಗುಳು ಅಗಿಯೋಷ್ಟರಲ್ಲಿ ಸಾರು ಜಾರಿಬಿಡುತ್ತೆ.

ನುಣ್ಣಗೆ ಅರೆದ ಊಟ ಬರೆದಿದ್ದರೆ,
ಅನ್ನ, ಬೇಳೆ ಗಂಟಿಲ್ಲದ ಹಾಗೆ ಅರೆದಿರಬೇಕು.
ಚಮಚದಲ್ಲಿ ತಗೊಂಡು ನೋಡಿ.
ಗುಡ್ಡೆಯಾಗಿ ನಿಲ್ಲಬೇಕು,
ಓರೆ ಮಾಡಿದರೆ ಜಾರಿ ಬೀಳಬೇಕು.
ಅಂಟಿಕೊಂಡರೆ ಗಟ್ಟಿ, ಸುರಿದರೆ ತೆಳು.

ಅಜ್ಜನ್ನ ನೇರ ಕೂರಿಸಿ.
ಅರ್ಧ ಚಮಚ ಕೊಡಿ, ನುಂಗಿದ ಮೇಲೆ ಇನ್ನೊಂದು.
ಕೆಮ್ಮು, ಗೊರಗೊರ ದನಿ ಬಂತಾ?
ನಿಲ್ಲಿಸಿ, ನರ್ಸನ್ನ ಕರೀರಿ.
ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಸಕ್ಕರೆ ಕಾಯಿಲೆನೂ ಇದೆಯಾ?
ಇನ್ಸುಲಿನ್ ಕೊಡೋ ಮುಂಚೆ ತಟ್ಟೆ ಬಂತಾ ನೋಡಿ.
ಇನ್ಸುಲಿನ್ ಆಗಿ ಊಟ ತಡವಾದರೆ,
ಬೆವರು, ನಡುಕ ಶುರುವಾಗಬಹುದು.
ತಕ್ಷಣ ನರ್ಸಿಗೆ ಹೇಳಿ.

ಕೈ ಸೋಪಲ್ಲಿ ತೊಳೀರಿ.
ಮೂತ್ರದ ಪಾತ್ರೆ ಇಟ್ಟ ಮೇಜಿನ ಮೇಲೆ ತಟ್ಟೆ ಇಡಬೇಡಿ.
ಉಳಿದ ಊಟವನ್ನ ರಾತ್ರಿಗೆ ಎತ್ತಿಡಬೇಡಿ.

ಮನೆಯಿಂದ ಏನೇ ತಂದರೂ,
ಡಬ್ಬಿ ಬಿಚ್ಚೋ ಮುಂಚೆ ನರ್ಸಿಗೆ ತೋರಿಸಿ.