ಅಪ್ಸರೆಯ ನೀಲಿ ಬೆಳಕಿನ ಲೆಕ್ಕ



ನಮ್ಮ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ದೇಶದ ಮೊದಲ ಪರಮಾಣು ರಿಯಾಕ್ಟರ್ ಕೆಲಸ ಆರಂಭಿಸಿತು. ಅದರ ಇಂಧನವನ್ನು ಆಳವಾದ ನೀರಿನ ಕೊಳದಲ್ಲಿ ಇಳಿಬಿಟ್ಟಿದ್ದರು. ರಿಯಾಕ್ಟರ್ ನಡೆಯುವಾಗ ನೀರಿನೊಳಗಿಂದ ನೀಲಿ ಹೊಳಪು ಏಳುತ್ತಿತ್ತು. ಆ ಹೊಳಪನ್ನು ಕಂಡೇ ಪ್ರಧಾನಿ ನೆಹರೂ 1957ರಲ್ಲಿ ಅದಕ್ಕೆ 'ಅಪ್ಸರಾ' ಎಂದು ಹೆಸರಿಟ್ಟರು ಎನ್ನುತ್ತಾರೆ. ಆ ಹಳೆಯ ಅಪ್ಸರಾ ಈಗ ನಿಂತಿದೆ. ಅದರ ಜಾಗದಲ್ಲಿ ಕಟ್ಟಿದ 'ಅಪ್ಸರಾ-ಯು' 2018ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು.

ಆ ನೀಲಿ ಎಲ್ಲಿಂದ ಬಂತು? ಬೆಳಕಿಗಿಂತ ವೇಗವಾಗಿ ಯಾವುದೂ ಓಡದು ಎಂದು ನೀವು ಶಾಲೆಯಲ್ಲಿ ಓದಿದ್ದೀರಿ. ಅದು ನಿರ್ವಾತದಲ್ಲಿನ ಬೆಳಕಿನ ಮಾತು: ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ನೀರಿನ ವಕ್ರೀಭವನ ಸೂಚ್ಯಂಕ 1.33. ಎಂದರೆ ನೀರಿನಲ್ಲಿ ಬೆಳಕಿನ ವೇಗ ಅಷ್ಟು ಪಾಲು ತಗ್ಗಿ, ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಇಂಧನದಿಂದ ಬರುವ ವಿಕಿರಣ ನೀರಿನಲ್ಲಿ ಚಿಮ್ಮಿಸುವ ಎಲೆಕ್ಟ್ರಾನುಗಳು ಈ ಮಿತಿಯನ್ನು ದಾಟಬಲ್ಲವು.

ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚನ್ನು ನೆನಪಿಸಿಕೊಳ್ಳಿ. ತಾನೆಬ್ಬಿಸಿದ ಅಲೆಗಳಿಗಿಂತ ಅದು ಮುಂದೆ ಓಡುವುದರಿಂದ ಅಲೆಗಳು ಹಿಂದೆ ಕೂಡಿಕೊಂಡು ಎರಡು ಬದಿಗೂ ಓರೆಗೆರೆಯಾಗುತ್ತವೆ. ಎಲೆಕ್ಟ್ರಾನೂ ದಾರಿಯುದ್ದಕ್ಕೂ ನೀರಿನ ಅಣುಗಳನ್ನು ಕದಲಿಸುತ್ತದೆ. ನಿಧಾನವಾಗಿ ಓಡಿದರೆ ಆ ಕಿರು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬೆಳಕನ್ನು ಮೀರಿ ಓಡಿದರೆ ಕೂಡಿಕೊಂಡು, ಅದರ ದಾರಿಯ ಸುತ್ತ ಶಂಕುವಿನಂತೆ ಹರಡುವ ಬೆಳಕಾಗುತ್ತವೆ. ಇದೇ ಚೆರೆಂಕೋವ್ ಬೆಳಕು.

ಕೋನ ತಿಳಿಯಲು ಒಂದು ಲಂಬಕೋನ ತ್ರಿಕೋನ ಸಾಕು. ಎಲೆಕ್ಟ್ರಾನು ಓಡಿದ ದೂರ ಉದ್ದನೆಯ ಬಾಹು, ಅಷ್ಟೇ ಹೊತ್ತಿನಲ್ಲಿ ಬೆಳಕು ಸಾಗಿದ ದೂರ ಪಕ್ಕದ ಬಾಹು. ಆದ್ದರಿಂದ:

cos θ = 1/(nβ)

n ಎಂದರೆ ಸೂಚ್ಯಂಕ; β ಎಂದರೆ ನಿರ್ವಾತದ ಬೆಳಕಿನ ವೇಗದಲ್ಲಿ ಕಣದ ವೇಗ ಎಷ್ಟು ಪಾಲು ಎಂಬುದು. ಕಣ ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿದ್ದರೆ β ಸುಮಾರು 1. ಆಗ cos θ 0.75, ಕೋನ 41 ಡಿಗ್ರಿ. ನೀರಿನಲ್ಲಿ ಇದಕ್ಕಿಂತ ಅಗಲವಾಗದು. β 0.8ಕ್ಕೆ ಇಳಿದರೆ ಕೋನ 20 ಡಿಗ್ರಿಗೆ ಕುಗ್ಗುತ್ತದೆ. 0.75ರಲ್ಲಿ ಶಂಕು ಮುಚ್ಚಿಕೊಂಡು ಬೆಳಕು ನಂದುತ್ತದೆ. ಹೀಗಾಗಿ ಕೋನ ಅಳೆದವರಿಗೆ ಕಣದ ವೇಗ ಸಿಕ್ಕಂತೆಯೇ.

ಆದರೆ ಅಪ್ಸರಾದ ಕೊಳದಲ್ಲಿ ಶಂಕು ಕಾಣಿಸದು. ಅಲ್ಲಿ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳು ದಿಕ್ಕುದಿಕ್ಕಿಗೆ ಹಾರಿ, ನೀರಿಗೆ ತಾಗಿ ತಿರುಗುತ್ತವೆ. ಶಂಕುಗಳೆಲ್ಲ ಬೆರೆತು ಒಂದೇ ಹೊಳಪಾಗುತ್ತದೆ. ಜಪಾನಿನ ಸೂಪರ್-ಕಾಮಿಯೋಕಾಂಡೆಯ ದೊಡ್ಡ ನೀರಿನ ತೊಟ್ಟಿಯಲ್ಲಿ ಒಂದೊಂದೇ ಕಣದ ಶಂಕು ಗೋಡೆಯ ಮೇಲೆ ಉಂಗುರವಾಗಿ ಬೀಳುವುದರಿಂದ ಅದನ್ನು ಅಳೆಯಬಹುದು.

ಇನ್ನು ಬಣ್ಣ. ಈ ಬೆಳಕಿನಲ್ಲಿ ಕಿರಿದಾದ ಅಲೆಗಳೇ ಹೆಚ್ಚು, ಆದ್ದರಿಂದ ಕೆಂಪಿಗಿಂತ ನೀಲಿ ಮೇಲುಗೈ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಹೊಳಪು ಒಮ್ಮೆಲೇ ಆರುವುದಿಲ್ಲ. ಬಳಸಿದ ಇಂಧನ ವಿಕಿರಣ ಸೂಸುತ್ತಲೇ ಇರುತ್ತದೆ, ನೀಲಿ ಮೆಲ್ಲಗೆ ಮಂಕಾಗುತ್ತದೆ. ಕೊಳದಲ್ಲಿಟ್ಟ ಇಂಧನ ಅಲ್ಲಿಯೇ ಇದೆಯೇ ಎಂದು ಅಂತರರಾಷ್ಟ್ರೀಯ ತಪಾಸಣೆಗಾರರು ನೋಡುವುದೂ ಇದೇ ಮಂಕು ಬೆಳಕಿನಿಂದ.