ಮುಖದ ಓರೆ ನೋಡಿ ಜಾಗ ಕೊಡಿ

ಅಪ್ಪನ ಷಷ್ಟಿಪೂರ್ತಿಗೆ ಮನೆಮಂದಿಯೆಲ್ಲ ಒಟ್ಟಿಗಿರುವ ಚಿತ್ರ ಬರೆದುಕೊಡಿ ಎಂದವರು ನಾಲ್ಕು ಫೋಟೋ ಕಳಿಸಿದ್ದರು. ತೀರಿಕೊಂಡ ಅಜ್ಜಿಯ ಮುಖ ಯಾವುದೋ ಮದುವೆಯ ಗ್ರೂಪ್ ಫೋಟೋದಲ್ಲಿ ಕಡಲೆಕಾಳಿನಷ್ಟಿತ್ತು. ಅಪ್ಪನದು ಸ್ಟುಡಿಯೋದ ನೇರ ಮುಖ, ಮಗನದು ಬಲಕ್ಕೆ ಅರ್ಧ ತಿರುಗಿದ ಮುಖ. ಮೊಮ್ಮಗಳನ್ನು ಯಾರೋ ನಿಂತುಕೊಂಡೇ ಮೇಲಿನಿಂದ ಕ್ಲಿಕ್ಕಿಸಿದ್ದರು.

ಇಂಥ ಕೆಲಸದಲ್ಲಿ ಎಲ್ಲರೂ ಮೊದಲು ಕೈಹಾಕುವುದು ಗಾತ್ರಕ್ಕೆ. ನಾನು ಕೋನದಿಂದ ಶುರುಮಾಡುತ್ತೇನೆ. ಗಾತ್ರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಮೇಲಿನಿಂದ ತೆಗೆದ ಮುಖವನ್ನು ಎದುರಿನಿಂದ ತೆಗೆದಂತೆ ಮಾಡಹೋದರೆ ಮಾತ್ರ ಆ ಮುಖ ಬೇರೆ ಯಾರದೋ ಆಗಿಬಿಡುತ್ತದೆ. ಕೋನದ ಗುಟ್ಟು ಕಿವಿಯಲ್ಲಿದೆ. ಕ್ಯಾಮೆರಾ ಮುಖದ ಮಟ್ಟದಲ್ಲಿದ್ದರೆ ಕಿವಿಯ ತುದಿ ಹೆಚ್ಚುಕಡಿಮೆ ಹುಬ್ಬಿನ ನೇರಕ್ಕೆ, ಹಾಲೆ ಮೂಗಿನ ಬುಡದ ನೇರಕ್ಕೆ ಕಾಣುತ್ತದೆ. ಮೇಲಿನಿಂದ ತೆಗೆದಿದ್ದರೆ ಕಿವಿ ಮೇಲೇರಿದಂತೆಯೂ, ಕೆಳಗಿನಿಂದ ತೆಗೆದಿದ್ದರೆ ಇಳಿದಂತೆಯೂ ಕಾಣುತ್ತದೆ. ಮೊಮ್ಮಗಳ ಕಿವಿ ಮೇಲಿತ್ತು; ಅವಳನ್ನು ಮುಂದೆ ನೆಲದ ಮೇಲೆ ಕೂರಿಸಿದೆ. ನಿಂತು ನೋಡುವವರಿಗೆ ನೆಲದಲ್ಲಿ ಕೂತ ಮಗು ಹಾಗೇ ಕಾಣುವುದು ತಾನೆ? ಬಲಕ್ಕೆ ತಿರುಗಿದ ಮಗ ಚಿತ್ರದ ಎಡತುದಿಗೆ ಹೋದ. ಆಗ ಅವನ ನೋಟ ಮನೆಯವರ ಕಡೆಗೇ ಬಿತ್ತು.

ಆಮೇಲೆ ಗಾತ್ರ. ಅಪ್ಪನ ಎರಡು ಪಾಪೆಗಳ ನಡುವೆ 60 ಪಿಕ್ಸೆಲ್ ಇತ್ತು, ಅಜ್ಜಿಗೆ 15. ಅಜ್ಜಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರಾಯಿತು. ಮಗನಿಗೆ ಈ ಲೆಕ್ಕ ಕೆಲಸಕ್ಕೆ ಬಾರದು. 45 ಡಿಗ್ರಿ ತಿರುಗಿದ ಮುಖದಲ್ಲಿ ಆ 60 ಸುಮಾರು 42ಕ್ಕೆ ಇಳಿಯುತ್ತದೆ. ಅದನ್ನು 60ಕ್ಕೆ ಎಳೆದರೆ ತಲೆ ಕುಂಬಳಕಾಯಿ! ಹಾಗಾಗಿ ಅವನಿಗೆ ಹುಬ್ಬಿನಿಂದ ಗಲ್ಲದವರೆಗಿನ ಎತ್ತರವನ್ನು ಅಪ್ಪನದಕ್ಕೆ ಹೋಲಿಸಿದೆ. ಐದು ವರ್ಷದ ಮೊಮ್ಮಗಳಿಗೆ ಇದರ ತಿರುವುಮುರುವು: ಮೇಲಿನಿಂದ ನೋಡಿದಾಗ ಎತ್ತರವೇ ಕುಗ್ಗುವುದರಿಂದ ಕಣ್ಣಿನ ಅಂತರವನ್ನೇ ನಂಬಬೇಕು. ದೊಡ್ಡವರಿಗೆ ಅದು 6.3 ಸೆಂ.ಮೀ. ಆಸುಪಾಸು, ಆ ವಯಸ್ಸಿನ ಮಕ್ಕಳಿಗೆ ಸುಮಾರು 5. ಅವಳಿಗೆ 48 ಪಿಕ್ಸೆಲ್ ಸಾಕಾಯಿತು.

ಇಷ್ಟಾದ ಮೇಲೆಯೇ ಗೆರೆ ಎಳೆಯುವುದು. ಬರೆದು ಮುಗಿಸಿ ಹಿಗ್ಗಿಸಿದರೆ ಗೆರೆಯೂ ಹಿಗ್ಗಿ ಅಜ್ಜಿಯದು ಹಗ್ಗ, ಅಪ್ಪನದು ದಾರ ಆಗುತ್ತದೆ. ಕರಡನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿದರೆ ಅಳತೆ ತಪ್ಪಿದ ತಲೆ ತಟ್ಟನೆ ಎದ್ದು ಕಾಣುತ್ತದೆ.

ನಾನು ಎಡವಿದ್ದು ಬೆಳಕಿನಲ್ಲಿ. ಅಪ್ಪನ ಮೇಲೆ ಎಡದಿಂದ, ಅಜ್ಜಿಯ ಮೇಲೆ ಬಲದಿಂದ ಬೆಳಕು ಬಿದ್ದಿತ್ತು. ಸುಲಭವಾಯಿತೆಂದು ಅಜ್ಜಿಯ ಫೋಟೋವನ್ನು ಕನ್ನಡಿಯಂತೆ ತಿರುಗಿಸಿದೆ. ಕರಡು ನೋಡಿದ ಮಗಳು, “ಸಾರ್, ನಮ್ಮಜ್ಜಿ ಮೂಗುಬೊಟ್ಟು ಈ ಕಡೆ ಇರ್ಲಿಲ್ಲ, ಸೆರಗೂ ಬಲಕ್ಕೆ ಬಂದಿದೆಯಲ್ಲ” ಅಂದರು. ಮತ್ತೆ ಮೊದಲಿನಂತೆ ತಿರುಗಿಸಿ, ಅಪ್ಪನ ಕೆನ್ನೆಯ ನೆರಳನ್ನು ನೋಡಿಕೊಂಡು ಅಜ್ಜಿಯ ನೆರಳನ್ನಷ್ಟೇ ಇನ್ನೊಂದು ಮಗ್ಗುಲಿಗೆ ಬರೆದೆ.