ತವರವೋ ಸೀಸವೋ: ಕೋಶದಲ್ಲಿ ಆನೋಡ್ ನಿರ್ಧಾರವಾಗುವ ಬಗೆ

ಎರಡು ಲೋಹಗಳ ಹೆಸರು, ಅವುಗಳ ಅಯಾನುಗಳ ಸಾರತೆ ಮತ್ತು ಎರಡು ಪ್ರಮಾಣಿತ ಅಪಕರ್ಷಣ ವಿಭವಗಳನ್ನು ಕೊಟ್ಟು, ಕೋಶದ ವಿಭವವೆಷ್ಟು, ಆನೋಡ್ ಯಾವುದು ಎಂದು ಕೇಳುವ ಪ್ರಶ್ನೆ ಸಿಇಟಿ, ನೀಟ್, ಜೆಇಇ ಮುಂತಾದ ಪ್ರವೇಶ ಪರೀಕ್ಷೆಗಳಿಗೆ ಸಿದ್ಧರಾಗುವವರಿಗೆ ಚಿರಪರಿಚಿತವಾದುದು. ಮೇಲ್ನೋಟಕ್ಕೆ ಎರಡಾಗಿ ಕಾಣುವ ಈ ಪ್ರಶ್ನೆಗಳು ವಾಸ್ತವದಲ್ಲಿ ಒಂದೇ ಆಗಿವೆ. ಏಕೆಂದರೆ ಒಂದು ಲೋಹವನ್ನು ಆನೋಡ್ ಎಂದು ಊಹಿಸಿ ಲೆಕ್ಕ ಮಾಡಿದಾಗ ಬರುವ ವಿಭವದ ಚಿಹ್ನೆಯೇ ಆ ಊಹೆ ಸರಿಯೋ ತಪ್ಪೋ ಎಂಬುದನ್ನು ತಿಳಿಸುತ್ತದೆ. ಆದರೂ ಬಹಳ ಮಂದಿ ವಿದ್ಯಾರ್ಥಿಗಳು ಪಟ್ಟಿಯಲ್ಲಿ ಯಾವ ಲೋಹದ ವಿಭವ ಕಡಿಮೆಯೋ ಅದೇ ಆನೋಡ್ ಎಂದು ಮೊದಲೇ ಬರೆದಿಟ್ಟು, ಆಮೇಲೆ ವಿಭವದ ಲೆಕ್ಕಕ್ಕೆ ಕೈಹಾಕುತ್ತಾರೆ. ಸತು ಮತ್ತು ತಾಮ್ರದಂಥ ಜೋಡಿಗಳಲ್ಲಿ ಈ ಕ್ರಮದಿಂದ ಯಾವ ತೊಂದರೆಯೂ ಆಗುವುದಿಲ್ಲ, ತವರ ಮತ್ತು ಸೀಸದ ಜೋಡಿಯಲ್ಲಿ ಮಾತ್ರ ಅದು ಕೈಕೊಡುತ್ತದೆ. ಹಾಗೇಕೆ ಆಗುತ್ತದೆ ಎಂಬುದನ್ನು ಅರಿತರೆ ಕೋಶವು ಕೆಲಸ ಮಾಡುವ ಬಗೆಯೇ ತಿಳಿಯುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಜಾನ್ ಫ್ರೆಡರಿಕ್ ಡೇನಿಯಲ್ 1836ರಲ್ಲಿ ರೂಪಿಸಿದ ಕೋಶವು ಇಂದಿಗೂ ಪಠ್ಯಪುಸ್ತಕಗಳ ಮೊದಲ ಉದಾಹರಣೆಯಾಗಿ ಉಳಿದಿದೆ. ಇಂದು ಅದನ್ನು ವಿವರಿಸುವಾಗ ಒಂದು ಪಾತ್ರೆಯಲ್ಲಿ ಸತುವಿನ ಸಲ್ಫೇಟಿನ ದ್ರಾವಣವನ್ನೂ ಅದರೊಳಗೆ ಸತುವಿನ ಪಟ್ಟಿಯನ್ನೂ, ಇನ್ನೊಂದರಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣವನ್ನೂ ತಾಮ್ರದ ಪಟ್ಟಿಯನ್ನೂ ಇರಿಸಿ, ದ್ರಾವಣಗಳನ್ನು ಲವಣ ಸೇತುವೆಯಿಂದಲೂ ಪಟ್ಟಿಗಳನ್ನು ತಂತಿಯಿಂದಲೂ ಜೋಡಿಸಿದಂತೆ ಚಿತ್ರಿಸುವುದು ವಾಡಿಕೆ. ಸತುವಿನ ಪರಮಾಣುಗಳು ತಲಾ ಎರಡು ಎಲೆಕ್ಟ್ರಾನುಗಳನ್ನು ಪಟ್ಟಿಯಲ್ಲೇ ಬಿಟ್ಟು Zn²⁺ ಅಯಾನುಗಳಾಗಿ ದ್ರಾವಣಕ್ಕಿಳಿಯುತ್ತವೆ. ಆ ಎಲೆಕ್ಟ್ರಾನುಗಳು ತಂತಿಯ ಮೂಲಕ ತಾಮ್ರದ ಪಟ್ಟಿಯನ್ನು ಸೇರಿದಾಗ, ಅಲ್ಲಿನ Cu²⁺ ಅಯಾನುಗಳು ಅವನ್ನು ಪಡೆದು ಲೋಹವಾಗಿ ಪಟ್ಟಿಗೆ ಅಂಟಿಕೊಳ್ಳುತ್ತವೆ. ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಕ್ರಿಯೆಗೆ ಉತ್ಕರ್ಷಣವೆಂದೂ, ಪಡೆಯುವ ಕ್ರಿಯೆಗೆ ಅಪಕರ್ಷಣವೆಂದೂ ಹೆಸರು. ಉತ್ಕರ್ಷಣ ನಡೆಯುವ ವಿದ್ಯುದ್ವಾರವೇ ಆನೋಡ್, ಅಪಕರ್ಷಣ ನಡೆಯುವುದೇ ಕ್ಯಾಥೋಡ್.

ಆನೋಡಿಗೆ ಇದಲ್ಲದೆ ಬೇರೆ ವ್ಯಾಖ್ಯೆಯಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅದು ಧನವೋ ಋಣವೋ ಎಂಬುದು ಕೋಶದ ಬಗೆಯನ್ನು ಅವಲಂಬಿಸಿರುತ್ತದೆ: ತಾನಾಗಿಯೇ ವಿದ್ಯುತ್ತನ್ನು ಕೊಡುವ ಕೋಶದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುವ ಆನೋಡ್ ಋಣವಾಗಿದ್ದರೆ, ಹೊರಗಿನ ಬ್ಯಾಟರಿಯಿಂದ ಕ್ರಿಯೆಯನ್ನು ಬಲವಂತವಾಗಿ ನಡೆಸುವ ವಿದ್ಯುದ್ವಿಭಜನೆಯ ಕೋಶದಲ್ಲಿ ಬ್ಯಾಟರಿಯ ಧನ ತುದಿಗೆ ಜೋಡಿಸಿದ ವಿದ್ಯುದ್ವಾರವೇ ಆನೋಡ್ ಆಗುತ್ತದೆ. ಕೋಶದ ಸಂಕೇತವನ್ನು Zn | Zn²⁺ || Cu²⁺ | Cu ಎಂದು ಬರೆಯುವಾಗ ಆನೋಡನ್ನು ಎಡಕ್ಕೆ ಇಡುವುದು ಒಂದು ಒಪ್ಪಂದ ಮಾತ್ರ. ಮೇಜಿನ ಮೇಲೆ ಪಾತ್ರೆಗಳನ್ನು ಅದಲುಬದಲು ಮಾಡಿದರೆ ರಸಾಯನಕ್ರಿಯೆಯೇನೂ ಬದಲಾಗದು.

ಯಾವ ವಿದ್ಯುದ್ವಾರವೇ ಆಗಲಿ, ಅದೊಂದರದೇ ವಿಭವವನ್ನು ಬಿಡಿಯಾಗಿ ಅಳೆಯಲಾಗದು. ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯಬಹುದು. ಆದ್ದರಿಂದ ಬೆಟ್ಟಗಳ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸುವಂತೆ, ಹೈಡ್ರೋಜನ್ ವಿದ್ಯುದ್ವಾರದ ಪ್ರಮಾಣಿತ ವಿಭವವನ್ನು ಸೊನ್ನೆಯೆಂದು ಒಪ್ಪಿಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ಪಟ್ಟಿ ಮಾಡಲಾಗಿದೆ. ಆ ಪಟ್ಟಿಯಲ್ಲಿ ಸತುವಿಗೆ −0.76 ವೋಲ್ಟ್, ತಾಮ್ರಕ್ಕೆ +0.34 ವೋಲ್ಟ್ ಇದೆ. ಕ್ಯಾಥೋಡಿನ ಅಪಕರ್ಷಣ ವಿಭವದಿಂದ ಆನೋಡಿನ ಅಪಕರ್ಷಣ ವಿಭವವನ್ನು ಕಳೆದಾಗ 0.34 − (−0.76) = 1.10 ವೋಲ್ಟ್ ದೊರೆಯುತ್ತದೆ. ಇಲ್ಲಿ ಕಳೆಯುವ ಚಿಹ್ನೆಯಲ್ಲೇ ಆನೋಡಿನ ಕ್ರಿಯೆ ತಿರುಗುಮುರುಗಾಗಿದೆ ಎಂಬ ಸಂಗತಿ ಅಡಗಿದೆ. ಇದನ್ನು ಗಮನಿಸದೆ ಸತುವಿನ ಚಿಹ್ನೆಯನ್ನು ಮೊದಲೇ +0.76 ಎಂದು ಬದಲಿಸಿಕೊಂಡು ಮತ್ತೆ ಕಳೆಯುವವರಿಗೆ −0.42 ಬರುತ್ತದೆ, ಮತ್ತು ಬಹು ಆಯ್ಕೆಯ ಪ್ರಶ್ನೆಗಳನ್ನು ರಚಿಸುವವರು ಇಂಥ ತಪ್ಪಿನಿಂದ ಹುಟ್ಟುವ ಸಂಖ್ಯೆಯನ್ನು ಆಯ್ಕೆಗಳಲ್ಲಿ ಸೇರಿಸುವುದುಂಟು.

ಇನ್ನೊಂದು ತಪ್ಪು ಎಲೆಕ್ಟ್ರಾನುಗಳ ಸಂಖ್ಯೆಯನ್ನು ಸರಿದೂಗಿಸುವಲ್ಲಿ ಆಗುತ್ತದೆ. ತಾಮ್ರ ಮತ್ತು ಬೆಳ್ಳಿಯ ಕೋಶದಲ್ಲಿ ತಾಮ್ರದ ಒಂದು ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕೊಡುವುದರಿಂದ, ಅವನ್ನು ಪಡೆಯಲು ಎರಡು ಬೆಳ್ಳಿ ಅಯಾನುಗಳು ಬೇಕಾಗುತ್ತವೆ: Cu + 2Ag⁺ → Cu²⁺ + 2Ag. ಬೆಳ್ಳಿಯ ಸಮೀಕರಣವನ್ನು ಎರಡರಿಂದ ಗುಣಿಸಿದವರು ಅದರ ವಿಭವವಾದ 0.80 ವೋಲ್ಟನ್ನೂ ಗುಣಿಸಿ 1.60 − 0.34 = 1.26 ಎಂದು ಬರೆಯುವ ಸಂಭವವಿದೆ. ಸರಿಯಾದ ಉತ್ತರ 0.80 − 0.34 = 0.46 ವೋಲ್ಟ್. ಒಂದು ಕೂಲಂಬ್ ಆವೇಶಕ್ಕೆ ಎಷ್ಟು ಜೌಲ್ ಶಕ್ತಿ ದೊರೆಯುತ್ತದೆ ಎಂಬುದೇ ವೋಲ್ಟಿನ ಅರ್ಥವಾದುದರಿಂದ, ಅಯಾನುಗಳು ಎರಡು ಪಟ್ಟಾದಾಗ ಶಕ್ತಿಯೂ ಆವೇಶವೂ ಒಟ್ಟಿಗೇ ಎರಡು ಪಟ್ಟಾಗಿ, ಅವುಗಳ ಅನುಪಾತ ಇದ್ದಂತೆಯೇ ಇರುತ್ತದೆ.

ಇಲ್ಲಿಯವರೆಗಿನ ಲೆಕ್ಕಗಳೆಲ್ಲ ಪ್ರಮಾಣಿತ ಸ್ಥಿತಿಗೆ, ಅಂದರೆ ಅಯಾನುಗಳ ಸಾರತೆ ಲೀಟರಿಗೆ ಒಂದು ಮೋಲ್ ಇರುವಾಗ ಮಾತ್ರ ಅನ್ವಯಿಸುತ್ತವೆ. ಸಾರತೆ ಬದಲಾದರೆ ವಿಭವವೂ ಬದಲಾಗುತ್ತದೆ, ಮತ್ತು ಅದಕ್ಕೆ ಕಾರಣ ಸರಳವಾದುದು. ಲೋಹದ ಪಟ್ಟಿಯ ಮೇಲ್ಮೈಯಲ್ಲಿ ಪರಮಾಣುಗಳು ಅಯಾನುಗಳಾಗಿ ಹೊರಡುವುದೂ, ಅಯಾನುಗಳು ಮರಳಿ ಪರಮಾಣುಗಳಾಗುವುದೂ ಏಕಕಾಲದಲ್ಲಿ ನಡೆಯುತ್ತಿರುತ್ತವೆ. ದ್ರಾವಣದಲ್ಲಿ ಅಯಾನುಗಳು ವಿರಳವಾದರೆ ಮರಳುವಿಕೆ ತಗ್ಗಿ ಹೊರಡುವಿಕೆ ಮೇಲುಗೈ ಪಡೆಯುವುದರಿಂದ, ಪಟ್ಟಿಯಲ್ಲಿ ಹೆಚ್ಚು ಎಲೆಕ್ಟ್ರಾನುಗಳು ಉಳಿದು ಅದರ ಅಪಕರ್ಷಣ ವಿಭವ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಜರ್ಮನಿಯ ವಾಲ್ಟರ್ ನರ್ನ್ಸ್ಟ್ 1889ರಲ್ಲಿ ಪ್ರಕಟಿಸಿದ ಸಮೀಕರಣ ಹೇಳುತ್ತದೆ. 298 ಕೆಲ್ವಿನ್ ಉಷ್ಣತೆಯಲ್ಲಿ, ಎರಡು ಎಲೆಕ್ಟ್ರಾನುಗಳ ಕ್ರಿಯೆಗೆ, ಸಾರತೆ ಹತ್ತನೆಯ ಒಂದು ಭಾಗಕ್ಕೆ ಇಳಿದಾಗಲೆಲ್ಲ ವಿಭವ 0.0295 ವೋಲ್ಟಿನಷ್ಟು ಇಳಿಯುತ್ತದೆ.

ಈಗ ತವರ ಮತ್ತು ಸೀಸದ ಕೋಶವನ್ನು ನೋಡಬಹುದು. ಪಟ್ಟಿಯ ಪ್ರಕಾರ ತವರದ (Sn²⁺/Sn) ಪ್ರಮಾಣಿತ ವಿಭವ −0.14 ವೋಲ್ಟ್, ಸೀಸದ (Pb²⁺/Pb) ವಿಭವ −0.13 ವೋಲ್ಟ್. ಎರಡೂ ದ್ರಾವಣಗಳು ಪ್ರಮಾಣಿತ ಸಾರತೆಯಲ್ಲಿದ್ದರೆ ತವರವೇ ಆನೋಡ್ ಆಗಿ, ಕೋಶದ ವಿಭವ −0.13 − (−0.14) = 0.01 ವೋಲ್ಟ್ ಆಗುತ್ತದೆ. ಪ್ರಶ್ನೆಯಲ್ಲಿ Sn²⁺ ಸಾರತೆಯನ್ನು 1 ಎಂದೇ ಇಟ್ಟು Pb²⁺ ಸಾರತೆಯನ್ನು 0.1 ಎಂದು ಕೊಟ್ಟಿದ್ದಾರೆಂದು ಭಾವಿಸಿದರೆ, ತವರವೇ ಆನೋಡ್ ಎಂಬ ಊಹೆಯ ಮೇಲೆ ಕ್ರಿಯೆಯನ್ನು Sn + Pb²⁺ → Sn²⁺ + Pb ಎಂದು ಬರೆದು ಲೆಕ್ಕವನ್ನು ಹೀಗೆ ಮುಂದುವರಿಸಬೇಕಾಗುತ್ತದೆ:

E = 0.01 − 0.0295 × log(1/0.1) = 0.01 − 0.0295 = −0.0195 V

ಉತ್ತರ ಋಣವಾಗಿ ಬಂದಿದೆ. ಲೆಕ್ಕದಲ್ಲಿ ಎಡವಿದೆವೆಂದು ಭಾವಿಸಿ ಋಣಚಿಹ್ನೆಯನ್ನು ಅಳಿಸಿಬಿಡುವ ವಿದ್ಯಾರ್ಥಿಯು ವಿಭವದ ಪ್ರಮಾಣವನ್ನು ಸರಿಯಾಗಿ ಬರೆದು ಆನೋಡನ್ನು ತಪ್ಪಾಗಿ ಗುರುತಿಸುತ್ತಾನೆ. ಕೊಟ್ಟ ಸಾರತೆಗಳಲ್ಲಿ ಊಹಿಸಿದ ಕ್ರಿಯೆ ತಾನಾಗಿ ಮುಂದಕ್ಕೆ ನಡೆಯದು, ಹಿಂದಕ್ಕೆ ನಡೆಯುತ್ತದೆ ಎಂಬುದೇ ಆ ಚಿಹ್ನೆಯ ಅರ್ಥ. ಆದ್ದರಿಂದ ಇಲ್ಲಿ ಸೀಸ ಕರಗುತ್ತದೆ, ತವರ ಪಟ್ಟಿಗೆ ಅಂಟುತ್ತದೆ, ಆನೋಡ್ ಸೀಸವೇ ಆಗುತ್ತದೆ, ಮತ್ತು ಕೋಶದ ವಿಭವ +0.0195 ವೋಲ್ಟ್.

ಇದೇ ಫಲಿತಾಂಶವನ್ನು ಊಹೆಯಿಲ್ಲದೆಯೂ ಪಡೆಯಬಹುದು, ಮತ್ತು ಪರೀಕ್ಷೆಯ ಅವಸರದಲ್ಲಿ ಈ ಎರಡನೆಯ ದಾರಿಯೇ ಹೆಚ್ಚು ಸುರಕ್ಷಿತ. ಮೊದಲು ಪ್ರತಿ ವಿದ್ಯುದ್ವಾರದ ವಿಭವವನ್ನು ಅದರದರ ಸಾರತೆಗೆ ತಕ್ಕಂತೆ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ತವರದ ಸಾರತೆ ಒಂದೇ ಆಗಿರುವುದರಿಂದ ಅದರ ವಿಭವ −0.14ರಲ್ಲೇ ಉಳಿಯುತ್ತದೆ; ಸೀಸದ್ದು −0.13ರಿಂದ 0.0295ರಷ್ಟು ಇಳಿದು −0.1595 ಆಗುತ್ತದೆ. ಈಗ ಕಡಿಮೆ ವಿಭವವುಳ್ಳದ್ದು ಸೀಸ, ಆದ್ದರಿಂದ ಅದೇ ಆನೋಡ್. ಕಡಿಮೆ ವಿಭವದ್ದು ಆನೋಡ್ ಎಂಬ ನಿಯಮವೇನೂ ಸುಳ್ಳಾಗಲಿಲ್ಲ; ಹೋಲಿಸಬೇಕಾದದ್ದು ಪಟ್ಟಿಯ ವಿಭವಗಳನ್ನಲ್ಲ, ಆ ಕೋಶದಲ್ಲಿ ನಿಜವಾಗಿ ಇರುವ ವಿಭವಗಳನ್ನು ಎಂಬುದಷ್ಟೇ ಸ್ಪಷ್ಟವಾಯಿತು. ಎರಡೂ ಕಡೆ ಒಂದೇ ಲೋಹವಿದ್ದು ಸಾರತೆ ಮಾತ್ರ ಬೇರೆಯಾಗಿರುವ ಸಾರತಾ ಕೋಶಗಳಲ್ಲಿ ತಿಳಿಯಾದ ದ್ರಾವಣದ ಕಡೆಯೇ ಆನೋಡ್ ಆಗುವುದೂ ಇದೇ ಕಾರಣದಿಂದ.

ಆನೋಡ್ ಯಾವ ಹಂತದಲ್ಲಿ ಬದಲಾಗುತ್ತದೆ ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಕೋಶದ ವಿಭವ ಸೊನ್ನೆಯಾಗುವಾಗ Sn²⁺ ಮತ್ತು Pb²⁺ ಸಾರತೆಗಳ ಅನುಪಾತದ ಲಘುಗಣಕ 0.01/0.0295, ಅಂದರೆ ಸುಮಾರು 0.34, ಅನುಪಾತ ಸುಮಾರು 2.2. ತವರದ ಅಯಾನುಗಳು ಸೀಸದವುಗಳ ಎರಡೂಕಾಲು ಪಟ್ಟಿನಷ್ಟಾದರೆ ಸಾಕು, ಆನೋಡ್ ಅದಲುಬದಲಾಗುತ್ತದೆ. ಡೇನಿಯಲ್ ಕೋಶಕ್ಕೆ ಇದೇ ಲೆಕ್ಕವನ್ನು ಅನ್ವಯಿಸಿದರೆ 1.10/0.0295 ಎಂದರೆ ಸುಮಾರು 37 ಬರುತ್ತದೆ; ಅಲ್ಲಿ ಸತುವಿನ ಅಯಾನುಗಳು ತಾಮ್ರದವುಗಳ 10³⁷ ಪಟ್ಟನ್ನೂ ಮೀರಬೇಕಾಗುತ್ತದೆ. ಲೀಟರಿಗೆ ಒಂದು ಮೋಲ್ ಸತುವಿನ ಅಯಾನುಗಳಿರುವ ದ್ರಾವಣಕ್ಕೆ ಎದುರಾಗಿ ಅಷ್ಟು ತಿಳಿಯಾದ ತಾಮ್ರದ ದ್ರಾವಣವನ್ನಿಡಬೇಕೆಂದರೆ, ಅದರ ಒಂದು ಲೀಟರಿನಲ್ಲಿ ಒಂದು ಅಯಾನು ಸಿಗುವ ಭರವಸೆಯೂ ಇರುವುದಿಲ್ಲ. ಸತು–ತಾಮ್ರದ ಜೋಡಿಯಲ್ಲಿ ಪಟ್ಟಿಯನ್ನು ನೋಡಿಯೇ ಆನೋಡನ್ನು ಹೇಳಬಹುದಾದುದು ಈ ಅಗಾಧ ಅಂತರದಿಂದಾಗಿ. ಪ್ರಮಾಣಿತ ವಿಭವಗಳ ವ್ಯತ್ಯಾಸ 0.1 ವೋಲ್ಟಿಗಿಂತ ಕಡಿಮೆಯಿದ್ದು ಸಾರತೆಗಳೂ ಬೇರೆಬೇರೆಯಾಗಿ ಕೊಟ್ಟಿದ್ದರೆ, ಲೆಕ್ಕ ಮುಗಿಯುವವರೆಗೆ ಆನೋಡಿನ ಹೆಸರನ್ನು ಬರೆಯದಿರುವುದೇ ಲೇಸು.

ಕಾಗದದ ಮೇಲೆ ಇಷ್ಟು ಖಚಿತವಾಗಿರುವ ಈ ಕೋಶವನ್ನು ಪ್ರಯೋಗಾಲಯದಲ್ಲಿ ಕಟ್ಟಿದಾಗ ಬೇರೆಯೇ ಎಚ್ಚರಗಳು ಬೇಕಾಗುತ್ತವೆ. ಸೀಸದ ಕ್ಲೋರೈಡ್ ತಣ್ಣೀರಿನಲ್ಲಿ ಸ್ವಲ್ಪವೇ ಕರಗುವುದರಿಂದ, ಲವಣ ಸೇತುವೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಬಳಸಿದರೆ ಅದರ ತುದಿಯಲ್ಲಿ ಬಿಳಿಯ ಗಸಿ ಕಾಣಿಸಿಕೊಂಡು ಸೀಸದ ಅಯಾನುಗಳು ಕಡಿಮೆಯಾಗುತ್ತವೆ. ಅಲ್ಲಿ ಪೊಟ್ಯಾಸಿಯಂ ನೈಟ್ರೇಟನ್ನು ಬಳಸಬೇಕು. Sn²⁺ ಅಯಾನುಗಳು ಗಾಳಿಯ ಆಮ್ಲಜನಕದಿಂದ ನಿಧಾನವಾಗಿ Sn⁴⁺ ಆಗುವುದರಿಂದ ದ್ರಾವಣದಲ್ಲಿ ಆಮ್ಲವನ್ನೂ ಒಂದೆರಡು ತವರದ ಚೂರುಗಳನ್ನೂ ಇಡುವುದುಂಟು. ಇದಲ್ಲದೆ ಎರಡು ದ್ರಾವಣಗಳು ಸಂಧಿಸುವಲ್ಲಿ ಅಯಾನುಗಳು ಬೇರೆಬೇರೆ ವೇಗದಲ್ಲಿ ಸರಿಯುವುದರಿಂದ ಹುಟ್ಟುವ ಸಂಧಿ ವಿಭವವು ಲವಣ ಸೇತುವೆಯಿದ್ದರೂ ಕೆಲವು ಮಿಲಿವೋಲ್ಟಿನಷ್ಟು ಉಳಿಯಬಹುದು, ಮತ್ತು 1.10 ವೋಲ್ಟಿನ ಕೋಶದಲ್ಲಿ ಗಮನಕ್ಕೇ ಬಾರದ ಈ ಅಂಶ 10 ಮಿಲಿವೋಲ್ಟಿನ ಕೋಶದಲ್ಲಿ ಅಳತೆಯ ಗಣನೀಯ ಪಾಲಾಗಿಬಿಡುತ್ತದೆ. ಹೀಗಾಗಿ ತವರ–ಸೀಸದ ಕೋಶದಲ್ಲಿ ಆನೋಡ್ ತಿರುಗಿದ್ದನ್ನು ವೋಲ್ಟ್‌ಮಾಪಕದ ಮೇಲೆ ನಿಸ್ಸಂದೇಹವಾಗಿ ಕಾಣಬೇಕಾದರೆ Pb²⁺ ಸಾರತೆಯನ್ನು 0.1ರ ಬದಲು 0.001ಕ್ಕೆ ಇಳಿಸುವುದು ಉತ್ತಮ. ಆಗ ಲೆಕ್ಕದ ಪ್ರಕಾರ ವಿಭವ 0.0785 ವೋಲ್ಟ್ ಆಗಿ, ಮಾಪಕದ ಋಣ ತುದಿಯನ್ನು ಸೀಸದ ಪಟ್ಟಿಗೆ ಜೋಡಿಸಿದಾಗ ಮಾತ್ರ ಅದು ಧನ ಅಂಕಿಯನ್ನು ತೋರಿಸುತ್ತದೆ.